ಮೊದಲು ತಕ್ಕಡಿ, ಆಮೇಲೆ ಅಂಗಡಿ

ಸಾಗರ, ಸಿದ್ದಾಪುರ, ಶಿರಸಿ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುವುದು ಹೊಸದೇನಲ್ಲ. ನೆಂಟರ ಮೂಲಕ ಶುರುವಾದ ಮಾರಾಟ ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಅಲ್ಲಿ ಬೆಲೆ ಕೇಳುವವರಿಗೆಲ್ಲ ಒಂದೇ ಉತ್ತರ ಟೈಪು ಮಾಡಿ ಸಾಕಾಗಿ, ನಮ್ಮದೇ ಒಂದು ಆನ್‌ಲೈನ್ ಅಂಗಡಿ ಮಾಡಿಬಿಡೋಣ ಎಂಬ ಮಾತು ಬರುತ್ತದೆ. ಆಗ ಹೆಚ್ಚಿನವರು ಮೊದಲು ಕೇಳುವುದು ಪುಟದ ಬಣ್ಣ, ವಿನ್ಯಾಸ, ಲೋಗೋ ಬಗ್ಗೆ. ನನ್ನ ಸಲಹೆ ಬೇರೆ. ಒಂದು ಬಾಟಲಿ ಉಪ್ಪಿನಕಾಯಿಯನ್ನು ಕೊರಿಯರ್‌ಗೆ ಕೊಡುವ ಹಾಗೆ ಪೂರ್ತಿ ಕಟ್ಟಿ, ತಕ್ಕಡಿಯ ಮೇಲಿಡಿ. ಅಳತೆ ಟೇಪು ಹಿಡಿದು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಪುಟದಲ್ಲಿ ಹಾಕುವ ಬೆಲೆ, ಸಾಗಣೆ ವೆಚ್ಚ, ಎಷ್ಟು ಬಾಟಲಿಯ ಕಟ್ಟು ಮಾರಬೇಕು ಎನ್ನುವುದೆಲ್ಲ ಈ ನಾಲ್ಕು ಅಂಕಿಗಳಿಂದ ಹೊರಡುತ್ತದೆ.

ಲೆಕ್ಕ ಮಾಡಿಯೇ ನೋಡೋಣ. ಅರ್ಧ ಕೆಜಿ ಉಪ್ಪಿನಕಾಯಿ ಪ್ಲಾಸ್ಟಿಕ್ ಬಾಟಲಿಯಲ್ಲಿದೆ. ಬಾಟಲಿ ಮತ್ತು ಅದರ ಸುತ್ತಲಿನ ಕವರು ಸೇರಿ ಸುಮಾರು 45 ಗ್ರಾಂ. ರಟ್ಟಿನ ಪೆಟ್ಟಿಗೆ, ಒಳಗೆ ತುರುಕಿದ ಕಾಗದ, ಟೇಪು ಸೇರಿ ಇನ್ನೊಂದು 150 ಗ್ರಾಂ. ಒಟ್ಟು 700 ಗ್ರಾಂ ಹತ್ತಿರ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಅರ್ಧ ಅರ್ಧ ಕೆಜಿಯ ಮೆಟ್ಟಿಲಲ್ಲಿ ದರ ಹಾಕುತ್ತವೆ, ಹಾಗಾಗಿ 700 ಗ್ರಾಂ ಪೆಟ್ಟಿಗೆಗೆ ಒಂದು ಕೆಜಿಯ ದರ ಬೀಳುತ್ತದೆ. ಮಾರಿದ್ದು ಅರ್ಧ ಕೆಜಿ, ತೆತ್ತದ್ದು ಒಂದು ಕೆಜಿಗೆ. ಎರಡು ಬಾಟಲಿ ಒಟ್ಟಿಗೆ ಕಟ್ಟಿದರೆ 1,270 ಗ್ರಾಂ ಆಸುಪಾಸು, ಅಂದರೆ ಒಂದೂವರೆ ಕೆಜಿಯ ದರ. ಮೂರು ಕಟ್ಟಿದರೆ 1,855 ಗ್ರಾಂ, ಎರಡು ಕೆಜಿಯ ದರ. ಒಂದೇ ಬಾಟಲಿ ಕಳಿಸುವಾಗ ಆ ಬಾಟಲಿಯ ತಲೆಗೆ ಒಂದು ಕೆಜಿಯ ಸಾಗಣೆ ಕೂರುತ್ತದೆ, ಎರಡಾದರೆ ಮುಕ್ಕಾಲು ಕೆಜಿ. ಹಾಗಾಗಿ ಎರಡು ಬಾಟಲಿಯ ಜೋಡಿಯನ್ನೇ ಪುಟದಲ್ಲಿ ಮೊದಲಿಗೆ ನಿಲ್ಲಿಸುವುದು ಒಳ್ಳೆಯದು.

ಹಪ್ಪಳದ ಕಥೆ ಇನ್ನೂ ಕುತೂಹಲದ್ದು. 25 ಹಪ್ಪಳದ ಒಂದು ಕಟ್ಟು 250 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಹಗುರ ಸಾಮಾನು, ಸಾಗಣೆ ಅಗ್ಗವಾಗಬೇಕಿತ್ತು. ಆದರೆ ಕೊರಿಯರ್‌ನವರು ತೂಕದ ಜೊತೆಗೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಕೆಲವು ಕಂಪನಿಗಳ ಭಾಜಕ ಸ್ವಲ್ಪ ಬೇರೆ ಇರುತ್ತದೆ, ಕೇಳಿ ತಿಳಿದುಕೊಳ್ಳಬೇಕು. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಹಪ್ಪಳ ಮುರಿಯಬಾರದು ಎಂದು 22 ಸೆಂ.ಮೀ. ಉದ್ದ, ಅಷ್ಟೇ ಅಗಲ, 10 ಸೆಂ.ಮೀ. ಎತ್ತರದ ಪೆಟ್ಟಿಗೆ ತಂದರೆ 4,840ನ್ನು 5,000ದಿಂದ ಭಾಗಿಸಿ 0.968 ಬರುತ್ತದೆ. ಕಾಲು ಕೆಜಿ ಹಪ್ಪಳಕ್ಕೆ ಒಂದು ಕೆಜಿಯ ದರ! ಅದೇ ಪೆಟ್ಟಿಗೆಯ ಎತ್ತರವನ್ನು 5 ಸೆಂ.ಮೀ.ಗೆ ಇಳಿಸಿದರೆ 0.484, ಅರ್ಧ ಕೆಜಿಯ ಮೆಟ್ಟಿಲಿನೊಳಗೇ ಉಳಿಯುತ್ತದೆ. ಕಟ್ಟಿನ ಮೇಲೂ ಕೆಳಗೂ ಗಟ್ಟಿ ರಟ್ಟಿಟ್ಟು ಬಿಗಿಯಾಗಿ ಕಟ್ಟಿದರೆ ಚಪ್ಪಟೆ ಪೆಟ್ಟಿಗೆಯಲ್ಲೂ ಹಪ್ಪಳ ಉಳಿಯುತ್ತದೆ. ಒಳಗೆ ಖಾಲಿ ಜಾಗವಿದ್ದಷ್ಟೂ ಹಪ್ಪಳ ಅಲ್ಲಾಡಿ ಮುರಿಯುವುದೇ ಹೆಚ್ಚು.

ಇಷ್ಟು ಕೈಯಲ್ಲಿದ್ದರೆ ಪುಟದ ಕೆಲಸಕ್ಕೆ ಕೂರಬಹುದು. ದಾರಿಗಳು ಹಲವಿವೆ. ಶಾಪಿಫೈನಂತಹ ತಿಂಗಳ ಬಾಡಿಗೆಯ ಸೇವೆಗಳಲ್ಲಿ ಎಲ್ಲವೂ ಸಿದ್ಧವಾಗಿರುತ್ತದೆ. ನಾನಿಲ್ಲಿ ವರ್ಡ್‌ಪ್ರೆಸ್ ಮೇಲೆ ಕೂರುವ ವೂಕಾಮರ್ಸ್ ಎಂಬ ಉಚಿತ ಪ್ಲಗಿನ್ ಹಿಡಿದು ಹೇಳುತ್ತೇನೆ. ಅದರಲ್ಲಿ ಡೊಮೇನ್ ಹೆಸರು ಮತ್ತು ಹೋಸ್ಟಿಂಗ್‌ಗೆ ಮಾತ್ರ ವರ್ಷದ ಖರ್ಚು. ಮಾರಾಟ ಇಲ್ಲದ ತಿಂಗಳಲ್ಲಿ ಬಾಡಿಗೆಯ ಹೊರೆ ಇರುವುದಿಲ್ಲ. ಹಂಗಾಮಿನ ಸರಕು ಮಾರುವವರಿಗೆ ಇದು ಮುಖ್ಯ.

ಸರಕಿನ ಪಟ್ಟಿ ಹಾಕುವಾಗ ಹೆಸರು, ಫೋಟೋ, ಬೆಲೆ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು Shipping ಎಂಬ ಭಾಗದಲ್ಲಿರುವ ತೂಕದ ಕಾಲಂ. ಕಾಲು, ಅರ್ಧ, ಒಂದು ಕೆಜಿ ಹೀಗೆ ಒಂದೇ ಉಪ್ಪಿನಕಾಯಿಯನ್ನು ಮೂರು ಅಳತೆಗಳಲ್ಲಿ ಮಾರುವುದಾದರೆ ವೂಕಾಮರ್ಸ್‌ನಲ್ಲಿ ಒಂದೇ ಸರಕಿನ ಕೆಳಗೆ ಮೂರು ಉಪವಿಧ ಮಾಡಬಹುದು. ಪ್ರತಿಯೊಂದಕ್ಕೂ ಬೇರೆ ಬೆಲೆ, ಬೇರೆ ದಾಸ್ತಾನು, ಬೇರೆ ತೂಕ ಕೊಡಬೇಕು. ಉಪವಿಧದ ತೂಕದ ಜಾಗ ಖಾಲಿ ಬಿಟ್ಟರೆ ತಂತ್ರಾಂಶ ತಕರಾರು ಮಾಡುವುದಿಲ್ಲ, ಮೇಲಿನ ಮೂಲ ಸರಕಿನ ತೂಕವನ್ನೇ ಎತ್ತಿಕೊಳ್ಳುತ್ತದೆ. ಮೂಲ ಸರಕಿಗೆ ಅರ್ಧ ಕೆಜಿ ಎಂದು ಹಾಕಿದ್ದರೆ, ತೂಕದ ಮೇಲೆ ಸಾಗಣೆ ಲೆಕ್ಕ ಹಾಕುವ ಅಂಗಡಿಯಲ್ಲಿ ಒಂದು ಕೆಜಿಯ ಬಾಟಲಿ ಕೊಂಡವರಿಗೂ ಅರ್ಧ ಕೆಜಿಯ ಸಾಗಣೆ ಬೀಳುತ್ತದೆ, ವ್ಯತ್ಯಾಸ ಕೈಯಿಂದ ಹೋಗುತ್ತದೆ. ಇದನ್ನು ಕಂಡುಹಿಡಿಯುವ ಬಗೆ ಸುಲಭ. ಮೂರೂ ಅಳತೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ನೋಡಿದಾಗ ಸಾಗಣೆ ವೆಚ್ಚ ಬದಲಾಗದಿದ್ದರೆ ತೂಕದ ಕಾಲಂ ಖಾಲಿ ಇದೆ ಎಂದೇ ಅರ್ಥ.

ದಾಸ್ತಾನಿನ ಎಣಿಕೆಯನ್ನೂ ಆನ್ ಮಾಡಲೇಬೇಕು. ಮಿಡಿ ಮಾವು ಸಿಗುವುದು ವರ್ಷದಲ್ಲಿ ಒಂದೇ ಹಂಗಾಮಿಗೆ. ಭರಣಿಯಲ್ಲಿರುವುದು ಖಾಲಿಯಾದರೆ ಮುಂದಿನ ವರ್ಷವೇ ಗತಿ. ದಾಸ್ತಾನು ಮುಗಿದ ಮೇಲೂ ಆರ್ಡರ್ ತೆಗೆದುಕೊಳ್ಳುವ ಆಯ್ಕೆಯನ್ನು ಮುಚ್ಚಿಡಬೇಕು. ಇನ್ನು ವಿವರಣೆಯಲ್ಲಿ ರುಚಿಯ ವರ್ಣನೆಗಿಂತ ಮೊದಲು ಕೊಳ್ಳುವವರಿಗೆ ಬೇಕಾದ್ದು ಬರಲಿ: ಎಣ್ಣೆ ಇದೆಯೋ ಇಲ್ಲವೋ, ಉಪ್ಪುನೀರಿನಲ್ಲಿ ಎಷ್ಟು ತಿಂಗಳು ಕೂತ ಮಿಡಿ, ತೆರೆದ ಮೇಲೆ ಎಲ್ಲಿಡಬೇಕು. ಕಾನೂನು ಕೇಳುವುದೂ ಇದೆ. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ವಿಳಾಸ, ದೂರು ಹೇಳಲು ಸಂಪರ್ಕ ಇವು ಬಾಟಲಿಯ ಚೀಟಿಯ ಮೇಲಷ್ಟೇ ಅಲ್ಲ, ಪುಟದ ಮೇಲೂ ಇರಬೇಕು. ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನೋಂದಣಿ ಸಂಖ್ಯೆಯೂ ಬೇಕು. ಚೀಟಿ ಸ್ಪಷ್ಟವಾಗಿ ಓದಲು ಬರುವಂತೆ ಬಾಟಲಿಯ ಹಿಂಬದಿಯ ಫೋಟೋ ಒಂದನ್ನು ಹಾಕಿಬಿಟ್ಟರೆ ಕೊಳ್ಳುವವರ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಈಗ ಸಾಗಣೆ. ವೂಕಾಮರ್ಸ್ ದೇಶವನ್ನು ವಲಯಗಳಾಗಿ ನೋಡುತ್ತದೆ. ಬೆಂಗಳೂರು ಒಂದು ವಲಯ, ಉಳಿದ ಕರ್ನಾಟಕ ಇನ್ನೊಂದು, ಉಳಿದ ಭಾರತ ಮತ್ತೊಂದು ಎಂದು ಮಾಡಬಹುದು. ಬೆಂಗಳೂರಿಗೆ ಪಿನ್‌ಕೋಡ್ ಕಾಲಂನಲ್ಲಿ `560*` ಎಂದು ಬರೆದರೆ 560ರಿಂದ ಶುರುವಾಗುವ ಎಲ್ಲವೂ ಒಳಗೆ ಬರುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ತಂತ್ರಾಂಶ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ಹೊಂದುವ ಮೊದಲ ವಲಯ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಕರ್ನಾಟಕ ಮೇಲಿದ್ದು ಬೆಂಗಳೂರು ಕೆಳಗಿದ್ದರೆ ಬೆಂಗಳೂರಿನ ದರ ಯಾರಿಗೂ ಸಿಗುವುದೇ ಇಲ್ಲ. ಬಸವನಗುಡಿಯ 560004 ಒಮ್ಮೆ, ಸಾಗರದ 577401 ಒಮ್ಮೆ ಹಾಕಿ ನೋಡಿ. ಎರಡಕ್ಕೂ ಒಂದೇ ದರ ಬಂದರೆ ಸಾಲು ತಲೆಕೆಳಗಾಗಿದೆ.

ವಲಯದೊಳಗೆ ದರ ಹೇಗಿಡುವುದು? ಕೊರಿಯರ್‌ನವರು ಕರ್ನಾಟಕದೊಳಗೆ ಮೊದಲ ಅರ್ಧ ಕೆಜಿಗೆ ತೆರಿಗೆ ಸೇರಿ 45 ರೂಪಾಯಿ, ಮುಂದಿನ ಪ್ರತಿ ಅರ್ಧ ಕೆಜಿಗೆ 35 ರೂಪಾಯಿ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ನಮ್ಮ ಒಂದು ಬಾಟಲಿ ಪೆಟ್ಟಿಗೆಗೆ 80, ಎರಡಕ್ಕೆ 115, ಮೂರಕ್ಕೆ 150. ಬಾಟಲಿ ಒಂದು ಹೆಚ್ಚಿದಂತೆ 35 ಏರುತ್ತಿದೆ. ವೂಕಾಮರ್ಸ್‌ನ Flat rate ದರದ ಜಾಗದಲ್ಲಿ ಸೂತ್ರವನ್ನೂ ಬರೆಯಬಹುದು:

```
45 + (35 * [qty])
```

`[qty]` ಅಂದರೆ ಬುಟ್ಟಿಯಲ್ಲಿರುವ ಸಂಖ್ಯೆ. ಅರ್ಧ ಕೆಜಿಯ ಬಾಟಲಿ ಮಾತ್ರ ಮಾರುವ ಅಂಗಡಿಗೆ ಈ ಒಂದು ಸಾಲು ಸಾಕು, ಹಣ ಕೊಟ್ಟು ಇನ್ನೊಂದು ಪ್ಲಗಿನ್ ಕೊಳ್ಳಬೇಕಿಲ್ಲ. ಆದರೆ ಸೂತ್ರಕ್ಕೂ ಒಂದು ಕೊನೆಯಿದೆ. ನಾಲ್ಕು ಬಾಟಲಿಯ ಪೆಟ್ಟಿಗೆ 2,430 ಗ್ರಾಂ, ಎರಡೂವರೆ ಕೆಜಿಯ ದರ 185 ರೂಪಾಯಿ, ಸೂತ್ರವೂ ಅಷ್ಟೇ ಹೇಳುತ್ತದೆ. ಐದಾದಾಗ ಪೆಟ್ಟಿಗೆ ದೊಡ್ಡದಾಗಿ 3,025 ಗ್ರಾಂ ಬಂತು ಎನ್ನಿ. ಮೂರು ಕೆಜಿಗಿಂತ 25 ಗ್ರಾಂ ಹೆಚ್ಚಾದ್ದಕ್ಕೆ ಮೂರೂವರೆ ಕೆಜಿಯ ದರ 255 ಬೀಳುತ್ತದೆ, ಸೂತ್ರ ವಸೂಲಿ ಮಾಡುವುದು 220 ಮಾತ್ರ. ಆ 25 ಗ್ರಾಂ ಉಳಿಸಲು ತೆಳು ರಟ್ಟು ಹಾಕಬಹುದು, ಇಲ್ಲವೇ ಒಂದು ಆರ್ಡರ್‌ಗೆ ನಾಲ್ಕೇ ಬಾಟಲಿ ಎಂದು ಮಿತಿ ಇಡಬಹುದು. ಎಣ್ಣೆ, ರಸ ಇರುವ ಸರಕಿಗೆ ಪೆಟ್ಟಿಗೆಯ ಗಟ್ಟಿತನದಲ್ಲಿ ರಾಜಿ ಬೇಡ ಎನ್ನುವ ನಾನು ಎರಡನೆಯದನ್ನೇ ಆರಿಸುತ್ತೇನೆ.

ಬುಟ್ಟಿಯಲ್ಲಿ ಬಾಟಲಿಯ ಜೊತೆ ಹಪ್ಪಳವೂ ಸೇರಿದಾಗ ಈ ಸೂತ್ರ ಸಾಲುವುದಿಲ್ಲ. ಆಗ ತೂಕದ ಮೇಲೆ ದರ ಹಾಕುವ ಪ್ಲಗಿನ್ ಬೇಕಾಗುತ್ತದೆ. ಅಂಥ ಬಹುತೇಕ ಸರಳ ಪ್ಲಗಿನ್‌ಗಳು ತೂಕದ ಕಾಲಂ ಮಾತ್ರ ನೋಡುತ್ತವೆ, ಗಾತ್ರದ ಲೆಕ್ಕ ಅವಕ್ಕೆ ತಿಳಿಯದು. ಅದಕ್ಕೆ ಅನುಭವಿಗಳು ಹಪ್ಪಳದ ತೂಕದ ಕಾಲಂನಲ್ಲಿ 0.25 ಬದಲು 0.5 ಎಂದು, ಅಂದರೆ ಕೊರಿಯರ್‌ನವರು ಬಿಲ್ಲು ಹಾಕುವ ತೂಕವನ್ನೇ ತುಂಬುತ್ತಾರೆ. ಹಾಗೆ ಮಾಡಿದರೆ ಇನ್ನೊಂದು ಕಡೆ ಕಣ್ಣಿಡಬೇಕು. ಸರಕಿನ ಪುಟದ ಕೆಳಗೆ Additional information ಎಂಬಲ್ಲಿ ವೂಕಾಮರ್ಸ್ ಅದೇ ತೂಕವನ್ನು ಗಿರಾಕಿಗೂ ತೋರಿಸುತ್ತದೆ. ಕಾಲು ಕೆಜಿಯ ಕಟ್ಟನ್ನು ಅರ್ಧ ಕೆಜಿ ಎಂದು ತೋರಿಸಿದರೆ ಮೋಸ ಮಾಡಿದಂತಾಗುತ್ತದೆ. ಆ ಭಾಗವನ್ನು ಮರೆಮಾಡಿ, ನಿವ್ವಳ ತೂಕವನ್ನು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ವಲಯಗಳಿಗೆ ತೆರಿಗೆಯ ನಂಟೂ ಇದೆ, ಇದನ್ನು ಅಂಗಡಿ ತೆರೆಯುವವರಿಗೆ ಮೊದಲೇ ಹೇಳುವವರು ಕಡಿಮೆ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ರಿಯಾಯಿತಿ ಇಲ್ಲ, ಮೊದಲ ಬಾಟಲಿಗೇ ನೋಂದಣಿ ಬೇಕು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಒಂದೇ ಅಡುಗೆಮನೆಯಿಂದ ಹೊರಟ ಹಪ್ಪಳ ಮುಂಬೈಗೆ ಹೋಗಬಹುದು, ನೋಂದಣಿ ಆಗುವ ತನಕ ಉಪ್ಪಿನಕಾಯಿ ಹೋಗುವಂತಿಲ್ಲ. ಇದಕ್ಕೆ ಸರಳ ಉಪಾಯವೆಂದರೆ ಶುರುವಿನಲ್ಲಿ ಕರ್ನಾಟಕದ ವಲಯ ಮಾತ್ರ ಇಟ್ಟು ಉಳಿದ ಭಾರತದ ವಲಯಕ್ಕೆ ಯಾವ ಸಾಗಣೆ ವಿಧಾನವನ್ನೂ ಹಾಕದಿರುವುದು. ಮುಂಬೈನ ವಿಳಾಸ ಕೊಟ್ಟವರಿಗೆ ಸಾಗಣೆ ಲಭ್ಯವಿಲ್ಲ ಎಂಬ ಸಂದೇಶ ಬಂದು ಆರ್ಡರ್ ಅಲ್ಲೇ ನಿಲ್ಲುತ್ತದೆ. ಆ ಸಂದೇಶವನ್ನು ಕನ್ನಡದಲ್ಲಿ, ಸದ್ಯ ಕರ್ನಾಟಕದೊಳಗೆ ಮಾತ್ರ ಕಳಿಸುತ್ತೇವೆ ಎಂದು ಬದಲಿಸಿ ಹಾಕಿದರೆ ಗಿರಾಕಿಗೂ ಗೊಂದಲವಿಲ್ಲ.

ಹಣದ ಭಾಗಕ್ಕೆ ಬರೋಣ. ಪೇಮೆಂಟ್ ಗೇಟ್‌ವೇ ಎಂದರೆ ಗಿರಾಕಿಯ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ನಡುವೆ ನಿಂತು ಹಣ ಪಡೆದು ಆಮೇಲೆ ನಮಗೆ ಒಪ್ಪಿಸುವ ಸಂಸ್ಥೆ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಇಂಥ ಸಂಸ್ಥೆಗಳು ಅನುಮತಿ ಪಡೆದಿರಬೇಕು, ತಮ್ಮ ಬಳಿ ಬರುವ ವ್ಯಾಪಾರಿಗಳ ಹಿನ್ನೆಲೆಯನ್ನೂ ಪರಿಶೀಲಿಸಬೇಕು. ಬೆಂಗಳೂರಿನ ರೇಜರ್‌ಪೇಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಪ್ಯಾನ್, ವಿಳಾಸದ ದಾಖಲೆ, ಬ್ಯಾಂಕ್ ಖಾತೆ ಕೊಟ್ಟರೆ ಸಾಲದು, ಪುಟವನ್ನೂ ತೆರೆದು ನೋಡುತ್ತಾರೆ. ಸಂಪರ್ಕದ ವಿಳಾಸ, ಷರತ್ತುಗಳು, ಖಾಸಗಿ ಮಾಹಿತಿಯ ನೀತಿ, ಹಣ ವಾಪಸಾತಿ, ಸಾಗಣೆ ಇವುಗಳ ಪುಟಗಳಿಲ್ಲದಿದ್ದರೆ ಅರ್ಜಿ ತಿರುಗಿ ಬರುತ್ತದೆ. ಬೇರೆಯವರ ಪುಟದಿಂದ ನಕಲು ಮಾಡಿದ ನೀತಿ ಅಂಟಿಸಬೇಡಿ. ಒಡೆದ ಬಾಟಲಿ ತಲುಪಿದರೆ ಎಷ್ಟು ದಿನದೊಳಗೆ ಫೋಟೋ ಕಳಿಸಬೇಕು, ಬದಲಿ ಕೊಡುತ್ತೀರೋ ಹಣ ಕೊಡುತ್ತೀರೋ ಎನ್ನುವುದು ನಿಮ್ಮದೇ ಮಾತಿನಲ್ಲಿ ಇರಲಿ, ನಾಳೆ ಜಗಳ ಬಂದರೆ ಅದನ್ನೇ ಓದುವುದು.

ಖಾತೆ ಒಪ್ಪಿಗೆಯಾಗುವ ಮುಂಚೆಯೇ ಪರೀಕ್ಷೆಯ ಕೀಲಿ ಸಿಗುತ್ತದೆ. `rzp_test_` ಎಂದು ಶುರುವಾಗುವುದು ಪರೀಕ್ಷೆಯದು, `rzp_live_` ನಿಜವಾದದ್ದು. ಅದರ ಜೋಡಿಯಾಗಿ ಬರುವ Key Secret ಎಂಬ ಗುಟ್ಟಿನ ಕೀಲಿಯನ್ನು ಪುಟ ಕಟ್ಟಿಕೊಡುವವರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಬಾರದು, ಪಕ್ಕದಲ್ಲಿ ಕೂತು ನೀವೇ ಹಾಕಿ. ಪರೀಕ್ಷೆಯಲ್ಲಿ ಯುಪಿಐ ವಿಳಾಸದ ಜಾಗಕ್ಕೆ `success@razorpay` ಎಂದು ಹಾಕಿದರೆ ಪಾವತಿ ಗೆದ್ದಂತೆ, `failure@razorpay` ಹಾಕಿದರೆ ಸೋತಂತೆ ನಡೆಯುತ್ತದೆ. ಎರಡನ್ನೂ ಮಾಡಿ ನೋಡಬೇಕು. ಸೋತ ಪಾವತಿಗೆ ಅಂಗಡಿ ಹೇಗೆ ವರ್ತಿಸುತ್ತದೆ ಎನ್ನುವುದು ಹೆಚ್ಚು ಮುಖ್ಯ.

ಹಣದ ವ್ಯವಹಾರದಲ್ಲಿ ಹೆಚ್ಚು ತಲೆನೋವು ಕೊಡುವ ಸಂಗತಿ ಒಂದಿದೆ. ಗಿರಾಕಿ ಮೊಬೈಲಿನಲ್ಲಿ ನಮ್ಮ ಪುಟದಿಂದ ಯುಪಿಐ ಆ್ಯಪ್‌ಗೆ ಹೋಗಿ ಪಿನ್ ಒತ್ತುತ್ತಾರೆ, ಹಣ ಕಡಿತವಾಗುತ್ತದೆ. ಅಷ್ಟರಲ್ಲಿ ಯಾವುದೋ ಕರೆ ಬಂತು, ಅಥವಾ ಮಲೆನಾಡಿನ ಮಳೆಗೆ ನೆಟ್‌ವರ್ಕ್ ಹೋಯಿತು, ಅವರು ನಮ್ಮ ಪುಟಕ್ಕೆ ಮರಳಲೇ ಇಲ್ಲ. ಪಾವತಿ ಆಯಿತೆಂಬ ಸುದ್ದಿ ಗಿರಾಕಿಯ ಬ್ರೌಸರ್ ಮೂಲಕ ಬರಬೇಕಿದ್ದರೆ ಅಂಗಡಿಗೆ ಅದು ತಲುಪುವುದೇ ಇಲ್ಲ. ಆರ್ಡರ್ Pending payment ಎಂದೇ ಕೂತಿರುತ್ತದೆ. ದಾಸ್ತಾನನ್ನು 60 ನಿಮಿಷ ಹಿಡಿದಿಟ್ಟು ಆಮೇಲೆ ಹಣ ಬಾರದ ಆರ್ಡರನ್ನು ರದ್ದು ಮಾಡುವುದು ವೂಕಾಮರ್ಸ್‌ನ ಮೂಲ ಸೆಟ್ಟಿಂಗ್. ಹಣ ಬಂದಿದೆ, ಆರ್ಡರ್ ರದ್ದಾಗಿದೆ, ಬಾಟಲಿ ಇನ್ನೊಬ್ಬರಿಗೆ ಮಾರಿಹೋಗಿದೆ!

ಇದಕ್ಕೆ ಪರಿಹಾರ ವೆಬ್‌ಹುಕ್. ಗೇಟ್‌ವೇಯ ಸರ್ವರ್ ಗಿರಾಕಿಯ ಮೊಬೈಲನ್ನು ನಂಬಿ ಕೂರದೆ ನೇರವಾಗಿ ನಮ್ಮ ಅಂಗಡಿಯ ಸರ್ವರ್‌ಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಅದು. ರೇಜರ್‌ಪೇ ಖಾತೆಯ ವೆಬ್‌ಹುಕ್ ಭಾಗದಲ್ಲಿ ಪ್ಲಗಿನ್ ತೋರಿಸುವ ವಿಳಾಸವನ್ನು ಹಾಕಿ, ಪ್ಲಗಿನ್‌ನ ಸೂಚನೆಯಲ್ಲಿ ಹೇಳಿರುವ ಸುದ್ದಿಗಳನ್ನು ಆರಿಸಿ, ಎರಡೂ ಕಡೆ ಒಂದೇ ಗುಪ್ತಪದ ಇಡಬೇಕು. ಸುದ್ದಿಯ ಜೊತೆ ಬರುವ ಸಹಿಯನ್ನು ಈ ಗುಪ್ತಪದದಿಂದ ತಾಳೆ ನೋಡಿದ ಮೇಲಷ್ಟೇ ಅಂಗಡಿ ಆರ್ಡರನ್ನು Processing ಸ್ಥಿತಿಗೆ ತರುತ್ತದೆ. ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪರೀಕ್ಷೆಯ ಪಾವತಿ ಮಾಡಿ, ಮುಗಿದ ಗಳಿಗೆಯಲ್ಲೇ ಬ್ರೌಸರ್ ಮುಚ್ಚಿಬಿಡಿ. ಕೆಲವು ನಿಮಿಷದ ನಂತರ ಆರ್ಡರ್ ತಾನಾಗಿ Processing ಆಗಿದ್ದರೆ ಸರಿ. ಅಷ್ಟಾದರೂ ದಿನಕ್ಕೊಮ್ಮೆ ಗೇಟ್‌ವೇಯ ಪಟ್ಟಿ ಮತ್ತು ಅಂಗಡಿಯ ಪಟ್ಟಿ ಪಕ್ಕಪಕ್ಕ ಇಟ್ಟು ನೋಡುವ ರೂಢಿ ಬೇಕು. ಅಲ್ಲಿ Captured ಇದ್ದು ಇಲ್ಲಿ Cancelled ಇದ್ದರೆ ಗಿರಾಕಿ ಕರೆ ಮಾಡುವ ಮೊದಲೇ ನೀವು ಕರೆ ಮಾಡಿ. ಇದೇ ಕಾರಣಕ್ಕೆ ಗಿರಾಕಿ ಕಳಿಸುವ ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಸರಕು ಕಳಿಸುವ ಹಳೆಯ ವಾಟ್ಸ್ಆ್ಯಪ್ ಪದ್ಧತಿಯನ್ನು ಪೂರ್ತಿ ಬಿಡಬೇಕು. ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದು.

ಎರಡು ಬಾಟಲಿಯ ಒಂದು ಆರ್ಡರಿನ ಹಣ ಎಲ್ಲೆಲ್ಲಿ ಹೋಗುತ್ತದೆ ನೋಡಿ. ಬಾಟಲಿಗೆ 260ರಂತೆ 520, ಸಾಗಣೆ 115, ಒಟ್ಟು 635 ರೂಪಾಯಿ. ಗೇಟ್‌ವೇ ಶುಲ್ಕ ನೂರಕ್ಕೆ 2 ಎಂದು ಹಿಡಿದರೆ 12.70, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 2.29, ಸೇರಿ 14.99. ಶುಲ್ಕ ಸಾಗಣೆಯ ಹಣದ ಮೇಲೂ ಬೀಳುತ್ತದೆ ಎನ್ನುವುದನ್ನು ಗಮನಿಸಿ. ಖಾತೆಗೆ ಬರುವುದು 620.01. ಕೊರಿಯರ್‌ಗೆ 115, ಪೆಟ್ಟಿಗೆ ಟೇಪಿಗೆ 30 ಕಳೆದರೆ ಮಿಡಿ, ಸಾಸಿವೆ, ಮೆಣಸು, ಬಾಟಲಿ, ದುಡಿಮೆ ಎಲ್ಲಕ್ಕೂ ಉಳಿಯುವುದು 475 ರೂಪಾಯಿ. ಹಣ ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ ಬರುತ್ತದೆ, ಶುಕ್ರವಾರದ ಆರ್ಡರಿನ ಹಣ ಮುಂದಿನ ವಾರ ಕೈಗೆ. ಹಣ ವಾಪಸ್ ಕೊಡಬೇಕಾಗಿ ಬಂದರೆ ಗಿರಾಕಿಗೆ ಪೂರ್ತಿ 635 ಹೋಗುತ್ತದೆ, ಗೇಟ್‌ವೇ ಶುಲ್ಕ ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ.

ಮನೆ ಬಾಗಿಲಲ್ಲಿ ಹಣ ಕೊಡುವ ಸೌಲಭ್ಯ ಇಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಉಪ್ಪಿನಕಾಯಿಗೆ ಬೇಡವೇ ಬೇಡ ಎನ್ನುತ್ತೇನೆ. ಪೆಟ್ಟಿಗೆ ಬೇಡವೆಂದು ತಿರುಗಿಸಿದರೆ ಹೋಗುವ ದಾರಿಯ ಖರ್ಚಿನ ಜೊತೆ ಬರುವ ದಾರಿಯ ಖರ್ಚೂ ನಮ್ಮದೇ. ಬಿಸಿಲಲ್ಲಿ ಗೋದಾಮಿನಿಂದ ಗೋದಾಮಿಗೆ ಅಲೆದು ಬಂದ ಬಾಟಲಿಯನ್ನು ಇನ್ನೊಬ್ಬರಿಗೆ ಮಾರಲು ಮನಸ್ಸು ಒಪ್ಪುವುದಿಲ್ಲ, ಒಪ್ಪಲೂಬಾರದು. ಕೊರಿಯರ್ ತಲುಪದ ಹಳ್ಳಿಗಳಿಗೆ ಅಂಚೆಯ ಸ್ಪೀಡ್ ಪೋಸ್ಟ್ ಇದ್ದೇ ಇದೆ, ಅದನ್ನು ಎರಡನೆಯ ಆಯ್ಕೆಯಾಗಿ ವಲಯದಲ್ಲಿ ಸೇರಿಸಿಡಬಹುದು. ಊರಿನವರಿಗೆ ಮನೆಗೇ ಬಂದು ಒಯ್ಯುವ Local pickup ಕೂಡ ಇರಲಿ.

ಅಂಗಡಿಯನ್ನು ಜನಕ್ಕೆ ತಿಳಿಸುವ ಮುಂಚೆ ನಿಜವಾದ ಕೀಲಿ ಹಾಕಿ, ಬೆಂಗಳೂರಿನಲ್ಲಿರುವ ನೆಂಟರೊಬ್ಬರಿಂದ ಪೂರ್ತಿ ಹಣ ಕೊಡಿಸಿ ಒಂದು ಆರ್ಡರ್ ಹಾಕಿಸಿ. ಪೆಟ್ಟಿಗೆ ತಕ್ಕಡಿಯ ಮೇಲಿರುವಾಗ ಅಂಕಿ ಕಾಣುವಂತೆ ಒಂದು ಫೋಟೋ, ಟೇಪು ಹಿಡಿದು ಮೂರೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆ ತಲುಪಿದ ಮೇಲೆ ಬಾಟಲಿಯ ಮುಚ್ಚಳದ ಸುತ್ತ ರಸ ಜಿನುಗಿದೆಯೇ ಎಂದು ಅವರಿಂದ ಕೇಳಿ ತಿಳಿಯಿರಿ. ಕೊರಿಯರ್‌ನ ಬಿಲ್ಲು ಬಂದಾಗ ಅವರು ಹಾಕಿದ ತೂಕ ನಿಮ್ಮ ತೂಕಕ್ಕೆ ಹೊಂದುತ್ತದೆಯೇ ನೋಡಿ. 1,270 ಗ್ರಾಂ ಪೆಟ್ಟಿಗೆಗೆ ಎರಡು ಕೆಜಿಯ ದರ ಹಾಕಿದ್ದರೆ ತಕರಾರು ಸಲ್ಲಿಸಲು ಕೆಲವೇ ದಿನಗಳ ಗಡುವು ಇರುತ್ತದೆ, ಅಲ್ಲಿ ಕೇಳುವ ಪುರಾವೆ ಆ ಫೋಟೋಗಳೇ.